ಯಾರ ಫೋನಿನಿಂದ ಕರೆಯಬೇಕು? ಕೊಡಗಿನ ಮದುವೆಗೆ ನಂಬರ್ ಪಟ್ಟಿ ಸಿದ್ಧಪಡಿಸುವ ಬಗೆ

ಕಾಫಿ ಕೊಯ್ಲು ಮುಗಿದು ಮಕ್ಕಳಿಗೆ ಬೇಸಿಗೆ ರಜೆ ಬಿತ್ತೆಂದರೆ ಕೊಡಗಿನಲ್ಲಿ ಮದುವೆಗಳ ಸಾಲು. ಊರೊಳಗಿನವರನ್ನು ಮನೆಗೆ ಹೋಗಿಯೇ ಕರೆಯಬೇಕು, ಅದನ್ನು ಬಿಡಿ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಆದರೆ ಒಕ್ಕದ, ಅಂದರೆ ಮನೆತನದ, ಅರ್ಧ ಜನ ಬೆಂಗಳೂರು, ಮೈಸೂರಿನಲ್ಲಿ, ಕೆಲವರು ಸೇನೆಯಲ್ಲಿ, ಇನ್ನು ಕೆಲವರು ಕೊಲ್ಲಿ ದೇಶಗಳಲ್ಲಿ ಇರುವಾಗ ವಾಟ್ಸ್‌ಆ್ಯಪ್ ಸಂದೇಶವಿಲ್ಲದೆ ಕೆಲಸ ಆಗುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ಇದನ್ನು ಕೊನೆಗಳಿಗೆಯಲ್ಲಿ ಒಬ್ಬ ಹುಡುಗನ ತಲೆಗೆ ಕಟ್ಟುತ್ತಾರೆ. ಅವನು ಹೊಸ ಸಿಮ್ ಕೊಂಡು, ಸಿಕ್ಕ ನಂಬರುಗಳನ್ನೆಲ್ಲ ತುಂಬಿ, ಒಂದೇ ಸಲ ಕಳುಹಿಸುತ್ತಾನೆ. ಅರ್ಧದಷ್ಟು ಜನರಿಗೆ ತಲುಪುವುದೇ ಇಲ್ಲ. ತಲುಪಿದವರಲ್ಲಿ ಕೆಲವರು ವಂಚಕರ ಸಂದೇಶವೆಂದು ಬ್ಲಾಕ್ ಮಾಡುತ್ತಾರೆ.

ಇದಕ್ಕೆ ಕಾರಣ ಒಂದು ನಿಯಮ. ಒಂದೇ ಸಂದೇಶವನ್ನು ಹಲವರಿಗೆ ಬೇರೆ ಬೇರೆಯಾಗಿ ತಲುಪಿಸುವ ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಹೋಗುವ ಸಂದೇಶ, ಕಳುಹಿಸುವವರ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ನೀವು ಅವರ ನಂಬರ್ ಉಳಿಸಿಕೊಂಡಿದ್ದರೆ ಸಾಲದು, ಅವರ ಫೋನಿನಲ್ಲೂ ನಿಮ್ಮ ನಂಬರ್ ಇರಬೇಕು. ಹಾಗಾಗಿ ನಂಬರ್ ಪಟ್ಟಿ ಮಾಡುವಾಗ ‘ಈ ಅತಿಥಿಯ ನಂಬರ್ ಏನು’ ಎಂದು ಕೇಳುವಷ್ಟೇ ಮುಖ್ಯವಾಗಿ ‘ನಮ್ಮ ಮನೆಯಲ್ಲಿ ಯಾರ ನಂಬರ್ ಈ ಅತಿಥಿಯ ಬಳಿ ಇದೆ’ ಎಂದೂ ಕೇಳಿಕೊಳ್ಳಬೇಕು. ಮುಂದಿನ ಎಲ್ಲ ಹೆಜ್ಜೆಗಳೂ ಈ ಪ್ರಶ್ನೆಯ ಸುತ್ತಲೇ ಇವೆ.

ಮೊದಲು ಒಂದೇ ಹಾಳೆಗೆ ತನ್ನಿ

ಲೆಕ್ಕ ಹಿಡಿಯಲು ಸುಲಭವಾಗಲಿ ಎಂದು ಗೋಣಿಕೊಪ್ಪಲು ಬಳಿಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮಗಳ ಮದುವೆ, ವಿರಾಜಪೇಟೆಯಲ್ಲಿ ಮಂಟಪ. ನಂಬರುಗಳು ನಾಲ್ಕು ಕಡೆ ಹರಡಿವೆ: ತಾಯಿಯ ಹಳೆಯ ಡೈರಿಯಲ್ಲಿ 140, ತಂದೆಯ ಫೋನಿನಲ್ಲಿ 310, ಮಗಳ ಫೋನಿನಲ್ಲಿ 190, ಅಣ್ಣನ ಮದುವೆಗೆ ಬರೆದಿಟ್ಟ ಪುಸ್ತಕದಲ್ಲಿ 210. ಒಟ್ಟು 850 ಸಾಲು.

ಇವನ್ನು ಗೂಗಲ್ ಶೀಟ್ಸ್‌ಗೆ ಹಾಕಿ. ಒಂದೂ ನಂಬರ್ ಬರೆಯುವ ಮೊದಲು ನಂಬರ್ ಬರೆಯುವ ಇಡೀ C ಕಾಲಮ್ಮನ್ನು ಆರಿಸಿ, Format → Number → Plain text ಒತ್ತಿ. ಹಾಗೆ ಮಾಡದಿದ್ದರೆ ಮೊದಲಿನ ಸೊನ್ನೆ ಮಾಯವಾಗುತ್ತದೆ, + ಚಿಹ್ನೆಯಿಂದ ಶುರುವಾಗುವ ನಂಬರನ್ನು ಹಾಳೆ ಸೂತ್ರವೆಂದು ತಿಳಿದು ಗೊಂದಲ ಮಾಡುತ್ತದೆ.

ಕಾಲಮ್ಮುಗಳು ಹೆಚ್ಚು ಬೇಡ. A ಕಾಲಮ್ಮಿನಲ್ಲಿ ಮನೆತನದೊಂದಿಗೆ ಹೆಸರು, B ಯಲ್ಲಿ ಊರು, C ಯಲ್ಲಿ ಸಿಕ್ಕ ಹಾಗೆಯೇ ನಂಬರ್. D ಯಲ್ಲಿ ಶುಚಿ ಮಾಡಿದ ನಂಬರ್ ತಾನಾಗಿ ಬರುತ್ತದೆ. ಆಮೇಲೆ ‘ಯಾರಿಗೆ ಪರಿಚಯ’, ‘ಒಪ್ಪಿಗೆ’, ‘ಟಿಪ್ಪಣಿ’. ಮನೆತನದ ಹೆಸರು ಬಿಡಲೇಬಾರದು. ನಮ್ಮಲ್ಲಿ ಬರೀ ‘ಪೊನ್ನಪ್ಪ’ ಅಥವಾ ‘ಗಣಪತಿ’ ಎಂದು ಬರೆದಿಟ್ಟರೆ ವಾರ ಕಳೆದ ಮೇಲೆ ಅದು ಯಾರೆಂದು ಬರೆದವರಿಗೇ ಗೊತ್ತಾಗುವುದಿಲ್ಲ.

D2 ಕೋಶದಲ್ಲಿ ಮೊದಲ ಸೂತ್ರ, ಪಕ್ಕದ ಖಾಲಿ ಕಾಲಮ್ಮಿನಲ್ಲಿ ಎರಡನೆಯದು, ಎರಡನ್ನೂ ಕೊನೆಯ ಸಾಲಿನವರೆಗೆ ಎಳೆಯಿರಿ:

```
=RIGHT(REGEXREPLACE(C2&"","[^0-9]",""),10)
=COUNTIF(D:D,D2)
```

ಮೊದಲನೆಯದು ಖಾಲಿ ಜಾಗ, ಅಡ್ಡಗೆರೆ, +91, ಮುಂದಿನ ಸೊನ್ನೆ ಎಲ್ಲವನ್ನೂ ತೆಗೆದು ಕೊನೆಯ ಹತ್ತು ಅಂಕಿಗಳನ್ನು ಉಳಿಸುತ್ತದೆ. ಎರಡನೆಯದು ಆ ನಂಬರ್ ಪಟ್ಟಿಯಲ್ಲಿ ಎಷ್ಟು ಸಲ ಇದೆ ಎಂದು ಹೇಳುತ್ತದೆ. 1ಕ್ಕಿಂತ ಹೆಚ್ಚು ಬಂದ ಸಾಲುಗಳನ್ನು ಕಣ್ಣಿನಿಂದ ನೋಡಿಯೇ ಅಳಿಸಿ, ಏಕೆಂದರೆ ಒಂದು ಸಾಲಿನಲ್ಲಿ ಮನೆತನ, ಇನ್ನೊಂದರಲ್ಲಿ ಊರು ಬರೆದಿರಬಹುದು. ಎರಡನ್ನೂ ಸೇರಿಸಿ ಒಂದು ಮಾಡಬೇಕು.

ಕೊಡಗಿನಲ್ಲಿ ಈ ಸೂತ್ರ ಎಡವುವ ಒಂದು ಜಾಗವಿದೆ. ಹಳೆಯ ಡೈರಿಗಳ ತುಂಬ ಸ್ಥಿರ ದೂರವಾಣಿ ನಂಬರುಗಳೇ. ಮಡಿಕೇರಿಯ ಎಸ್‌ಟಿಡಿ ಕೋಡ್ 08272, ವಿರಾಜಪೇಟೆಯದು 08274, ಸೋಮವಾರಪೇಟೆಯದು 08276. ಮುಂದಿನ ಸೊನ್ನೆ ಹೋಗಿ ಹಿಂದಿನ ಆರು ಅಂಕಿ ಸೇರಿದರೆ ಸರಿಯಾಗಿ ಹತ್ತು ಅಂಕಿ, ಅದೂ 8ರಿಂದ ಶುರು. ನೋಡಲು ಥೇಟ್ ಮೊಬೈಲ್ ನಂಬರ್. ಹಾಗಾಗಿ 8272, 8274, 8276ರಿಂದ ಆರಂಭವಾಗುವ ಸಾಲುಗಳನ್ನು ಬೇರೆ ತೆಗೆದು ಒಂದೊಂದನ್ನೂ ವಿಚಾರಿಸಿ. ಆರೇ ಅಂಕಿ ಇರುವುದು ಸ್ಥಿರ ದೂರವಾಣಿ ಎಂಬುದರಲ್ಲಿ ಸಂಶಯವಿಲ್ಲ.

ಇನ್ನೊಂದು ತೊಡಕು ಹೊರದೇಶದ ನಂಬರುಗಳದ್ದು. ದುಬೈ ನಂಬರಿಗೆ ದೇಶದ ಕೋಡ್ 971, ಅದರ ನಂತರ ಒಂಬತ್ತು ಅಂಕಿ. ಸೂತ್ರ ಕೊನೆಯ ಹತ್ತನ್ನು ಮಾತ್ರ ಉಳಿಸುವುದರಿಂದ 1ರಿಂದ ಶುರುವಾಗುವ ಅರ್ಥವಿಲ್ಲದ ನಂಬರ್ ಉಳಿಯುತ್ತದೆ. ಭಾರತದ ಮೊಬೈಲ್ ನಂಬರುಗಳು 6, 7, 8, 9ರಿಂದಲೇ ಆರಂಭ. ಬೇರೆ ಅಂಕಿಯಿಂದ ಶುರುವಾದದ್ದು ಕಂಡರೆ C ಕಾಲಮ್ಮಿನ ಮೂಲ ನೋಡಿ, D ಯಲ್ಲಿ ದೇಶದ ಕೋಡ್ ಸಮೇತ ಕೈಯಿಂದಲೇ ಬರೆಯಿರಿ.

ನಮ್ಮ ಊಹೆಯ ಮನೆಯಲ್ಲಿ ಪುನರಾವರ್ತನೆ ತೆಗೆದ ಮೇಲೆ 850ರಿಂದ 620 ಉಳಿಯಿತು ಎನ್ನೋಣ. ಗಂಡ, ಹೆಂಡತಿ, ಕಾಲೇಜಿಗೆ ಹೋಗುವ ಮಗ ಎಂದು ಒಂದೇ ಮನೆಯ ಮೂವರಿಗೆ ಒಂದೇ ಆಮಂತ್ರಣ ಬೇಡ. ಮನೆಗೆ ಒಂದು ನಂಬರ್ ಎಂದು ಇಟ್ಟುಕೊಂಡು, ಬೇರೆ ಸಂಸಾರ ಹೂಡಿದವರನ್ನು ಮಾತ್ರ ಪ್ರತ್ಯೇಕ ಬಿಟ್ಟರೆ 430. ಅವರಲ್ಲಿ 30 ಮಂದಿಗೆ ಸ್ಥಿರ ದೂರವಾಣಿ ಅಥವಾ ಹಳೆಯ ಕೀಪ್ಯಾಡ್ ಫೋನ್. ಉಳಿದದ್ದು 400.

ಒಪ್ಪಿಗೆ ಕೇಳುವುದು

ಮದುವೆಗೆ ಕರೆಯಲು ಒಪ್ಪಿಗೆ ಬೇರೆ ಬೇಕೇ ಎಂದು ಹಿರಿಯರು ಕೇಳುತ್ತಾರೆ. ಕರೆಯಲು ಬೇಡ, ಫೋನಿಗೆ ಸಾಲು ಸಂದೇಶ ಕಳುಹಿಸಲು ಬೇಕು. ನಂಬರ್ ನಮ್ಮ ಕೈಗೆ ಹೇಗೆ ಬಂತು ಎಂಬುದರ ಮೇಲೆ ಇದು ನಿಂತಿದೆ. ಆ ವ್ಯಕ್ತಿ ತಾನಾಗಿ ಕೊಟ್ಟ ನಂಬರ್ ಒಂದು ಬಗೆ. ಸಮಾಜದ ವಿಳಾಸ ಪುಸ್ತಕದಿಂದ, ಬೆಳೆಗಾರರ ಗುಂಪಿನ ಸದಸ್ಯರ ಪಟ್ಟಿಯಿಂದ, ಹಳೆಯ ಶಾಲೆಯ ಗುಂಪಿನಿಂದ ಎತ್ತಿಕೊಂಡ ನಂಬರ್ ಇನ್ನೊಂದು ಬಗೆ. ಗುಂಪಿನಲ್ಲಿ ಇದ್ದಾರೆ ಎಂದ ಮಾತ್ರಕ್ಕೆ ಅವರು ನಿಮಗೆ ನಂಬರ್ ಕೊಟ್ಟ ಹಾಗಾಗುವುದಿಲ್ಲ.

ಕೇಳುವುದು ಕಷ್ಟದ ಕೆಲಸವೇನಲ್ಲ. ಕರೆಯಲು ಮನೆಗೆ ಹೋದಾಗ, ಕಾಫಿ ಕುಡಿಯುತ್ತಾ, ‘ಮಂಟಪದ ದಾರಿ, ಸಮಯ ಎಲ್ಲ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತೇವೆ, ಯಾವ ನಂಬರಿಗೆ ಕಳುಹಿಸಲಿ?’ ಎಂದರೆ ಮುಗಿಯಿತು. ಅಲ್ಲೇ ಒಂದು ಮಿಸ್ಡ್ ಕಾಲ್ ಕೊಟ್ಟು, ‘ಇದು ನನ್ನ ನಂಬರ್, ಹಾಕಿಟ್ಟುಕೊಳ್ಳಿ’ ಎನ್ನಿ. ಒಪ್ಪಿಗೆಯೂ ಸಿಕ್ಕಿತು, ಬ್ರಾಡ್‌ಕಾಸ್ಟ್‌ಗೆ ಬೇಕಾದ ಷರತ್ತೂ ಪೂರೈಸಿತು. ಆ ಮನೆಯಲ್ಲಿ ಹಿರಿಯರ ಫೋನಿಗೆ ಕಳುಹಿಸಬೇಕೋ ಮಗ, ಸೊಸೆಯ ಫೋನಿಗೋ ಎಂಬುದೂ ಆಗಲೇ ಗೊತ್ತಾಗುತ್ತದೆ.

ದೂರದವರಿಗೆ ಮೊದಲು ಒಬ್ಬೊಬ್ಬರಿಗೇ ಸಣ್ಣ ಸಂದೇಶ ಹಾಕಿ. ಚಿತ್ರ, ವಿಡಿಯೊ, ಕೊಂಡಿ ಯಾವುದೂ ಅದರಲ್ಲಿ ಬೇಡ:

‘ನಮಸ್ಕಾರ ಮಾವ, ನಾನು ಗೋಣಿಕೊಪ್ಪಲಿನಿಂದ, (ಮನೆತನ, ಹೆಸರು). ಮೇ ತಿಂಗಳಲ್ಲಿ ಮಗಳ ಮದುವೆ ಇದೆ. ವಿವರಗಳನ್ನು ಈ ನಂಬರಿನಿಂದ ಕಳುಹಿಸಬಹುದೇ? ಆಗಲಿ ಎಂದರೆ ನನ್ನ ನಂಬರನ್ನು ನಿಮ್ಮ ಫೋನಿನಲ್ಲಿ ಉಳಿಸಿಕೊಳ್ಳಿ. ಬೇಡವೆಂದರೆ ಹೇಳಿ, ಫೋನ್ ಮಾಡಿಯೇ ಕರೆಯುತ್ತೇನೆ.’

ಮಾವ, ಅತ್ತೆ, ಅಣ್ಣ ಎಂಬ ಸಂಬೋಧನೆಯನ್ನು ಒಬ್ಬೊಬ್ಬರಿಗೂ ಬದಲಿಸಿ. ಬ್ರಾಡ್‌ಕಾಸ್ಟ್‌ನಲ್ಲಿ ಎಲ್ಲರಿಗೂ ಒಂದೇ ಪಠ್ಯ ಹೋಗುವುದರಿಂದ ಹೆಸರು ಹಿಡಿದು ಕರೆಯುವ ಅವಕಾಶ ಸಿಗುವುದು ಇಲ್ಲಿ ಮಾತ್ರ.

‘ಒಪ್ಪಿಗೆ’ ಕಾಲಮ್ಮಿನಲ್ಲಿ ‘ಹೌದು’ ಎಂದಷ್ಟೇ ಬರೆಯದೆ ಹೇಗೆ ಸಿಕ್ಕಿತು ಎಂದೂ ಬರೆಯಿರಿ: ಎದುರಿಗೆ, ಫೋನಿನಲ್ಲಿ, ಸಂದೇಶದಲ್ಲಿ, ಅವರ ತಂಗಿಯ ಮೂಲಕ. ಬೇಡ ಎಂದವರ ಸಾಲನ್ನು ಅಳಿಸಬೇಡಿ, ‘ಬೇಡ’ ಎಂದು ಬರೆದು ಬಿಡಿ. ಅಳಿಸಿದರೆ ನಾಳೆ ಇನ್ನೊಂದು ಡೈರಿಯಿಂದ ಅದೇ ನಂಬರ್ ಮತ್ತೆ ಒಳಗೆ ಬರುತ್ತದೆ. ನಮ್ಮ 400ರಲ್ಲಿ 25 ಮಂದಿ ಬೇಡ ಎಂದರು ಅಥವಾ ಉತ್ತರಿಸಲಿಲ್ಲ ಎಂದುಕೊಳ್ಳೋಣ. ಉತ್ತರ ಬಾರದಿದ್ದರೆ ಅದನ್ನು ಒಪ್ಪಿಗೆ ಎಂದು ಎಣಿಸದೆ ಫೋನ್ ಮಾಡಿ. ಉಳಿದವರು 375.

ಕಾನೂನಿನ ಮಾತು ಸ್ವಲ್ಪ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವ್ಯಕ್ತಿಯೊಬ್ಬರು ವೈಯಕ್ತಿಕ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ಮಾಹಿತಿಗೆ ಅನ್ವಯಿಸುವುದಿಲ್ಲ. ಮಗಳ ಮದುವೆಯ ಪಟ್ಟಿ ಆ ವಿನಾಯಿತಿಯೊಳಗೆ ಬರುತ್ತದೆ. ಆದರೆ ಅದೇ ಪಟ್ಟಿಯನ್ನು ಮದುವೆ ಉಸ್ತುವಾರಿಯ ಸಂಸ್ಥೆಗೋ ‘ಸಾವಿರಾರು ಸಂದೇಶ ಕಳುಹಿಸಿಕೊಡುತ್ತೇವೆ’ ಎನ್ನುವವರಿಗೋ ಕೊಟ್ಟರೆ ಅವರ ಕೆಲಸ ವ್ಯಾಪಾರ, ಮನೆಯ ಉದ್ದೇಶವಲ್ಲ. ಇಂಥವರಲ್ಲಿ ಹಲವರು ಬಳಸುವುದು ವಾಟ್ಸ್‌ಆ್ಯಪ್ ಒಪ್ಪದ ತಂತ್ರಾಂಶ. ನಂಬರ್ ನಿಷೇಧಕ್ಕೊಳಗಾಗಬಹುದು, ಪಟ್ಟಿ ಅವರ ಕಂಪ್ಯೂಟರಿನಲ್ಲೇ ಉಳಿದು ಮುಂದೆ ಸೀರೆ ಅಂಗಡಿಯ ಜಾಹೀರಾತಿಗೂ ಹೋಗಬಹುದು. ಸಗಟು ಎಸ್‌ಎಂಎಸ್ ಕೂಡ ಮನೆಯವರಿಗೆ ಹೇಳಿ ಮಾಡಿಸಿದ್ದಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2018ರ ನಿಯಮಾವಳಿಯಂತೆ ಕಳುಹಿಸುವ ಸಂಸ್ಥೆ, ಅದರ ಹೆಸರು, ಸಂದೇಶದ ಮಾದರಿ ಎಲ್ಲವೂ ಮೊದಲೇ ನೋಂದಣಿಯಾಗಿರಬೇಕು. ನಾಲ್ಕುನೂರು ಮನೆಯ ಮದುವೆಗೆ ಯಾವ ಏಜೆನ್ಸಿಯೂ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪಟ್ಟಿಯನ್ನು ಕಳುಹಿಸುವವರ ಪ್ರಕಾರ ಒಡೆಯಿರಿ

ಜನ ಸಾಮಾನ್ಯವಾಗಿ ಮಡಿಕೇರಿ ಕಡೆಯವರು, ಬೆಂಗಳೂರಿನವರು ಎಂದು ಊರಿನ ಪ್ರಕಾರ ಪಟ್ಟಿ ಒಡೆಯುತ್ತಾರೆ. ಅದರಿಂದ ಪ್ರಯೋಜನ ಕಡಿಮೆ. ‘ಯಾರಿಗೆ ಪರಿಚಯ’ ಕಾಲಮ್ಮಿನ ಪ್ರಕಾರ ಒಡೆಯಿರಿ. ತೋಟದ ಪಕ್ಕದವರು, ಸೇನೆಯ ಹಳೆಯ ಗೆಳೆಯರ ಬಳಿ ತಂದೆಯ ನಂಬರ್ ಇರುತ್ತದೆ. ತವರಿನವರು, ಮಹಿಳಾ ಸಂಘದವರ ಬಳಿ ತಾಯಿಯದು. ಸಹೋದ್ಯೋಗಿಗಳ ಬಳಿ ಮಗಳದು. ನಮ್ಮ 375 ಹೀಗೆ ಒಡೆಯಿತು: ತಂದೆಗೆ 160, ತಾಯಿಗೆ 95, ಮಗಳಿಗೆ 120. ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ ಇದೆ, ಹೀಗೆ ಒಡೆದರೆ ಆ ಮಿತಿ ಅಡ್ಡ ಬರುವುದೂ ಇಲ್ಲ.

ಮದುವೆಗೆಂದು ಹೊಸ ಸಿಮ್ ಕೊಳ್ಳುವುದು ಯಾಕೆ ಕೆಡುಕು ಎಂದೂ ಈಗ ಅರ್ಥವಾಗುತ್ತದೆ. ಆ ನಂಬರ್ ಯಾರ ಫೋನಿನಲ್ಲೂ ಇಲ್ಲ, ಹಾಗಾಗಿ ಬ್ರಾಡ್‌ಕಾಸ್ಟ್ ತಲುಪುವುದಿಲ್ಲ. ಒಬ್ಬೊಬ್ಬರಿಗೇ ಕಳುಹಿಸಿದರೂ ಪರಿಚಯವಿಲ್ಲದ ನಂಬರ್ ಆದ್ದರಿಂದ ಬ್ಲಾಕ್ ಮಾಡುವ ಆಯ್ಕೆ ಮೇಲೆಯೇ ಕಾಣಿಸುತ್ತದೆ. ಹೊಸ ನಂಬರಿನಿಂದ ನೂರಾರು ಸಂದೇಶ ಹೋಗಿ, ಹಲವರು ಬ್ಲಾಕ್ ಒತ್ತಿದರೆ ಖಾತೆಯೇ ಮುಚ್ಚಿಹೋಗಬಹುದು. ಮದುವೆ ಆಮಂತ್ರಣದ ಸೋಗಿನಲ್ಲಿ ಆ್ಯಪ್ ಹಾಕಿಸುವ `.apk` ಕಡತ ಕಳುಹಿಸಿ ಫೋನಿಗೆ ಕನ್ನ ಹಾಕುವ ವಂಚನೆಯ ಬಗ್ಗೆ ಪೊಲೀಸರು ಎಚ್ಚರಿಸಿದ ಮೇಲಂತೂ, ಅಪರಿಚಿತ ನಂಬರಿನ ಆಮಂತ್ರಣವನ್ನು ತಿಳಿದವರು ತೆರೆಯುವುದೇ ಇಲ್ಲ. ತೆರೆಯದಿರುವುದೇ ಸರಿ.

ಗುಂಪು ಮಾಡುವುದೂ ಬೇಡ. ಗುಂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ, ಒಬ್ಬರು ಶುಭಾಶಯ ಹಾಕಿದರೆ ಉಳಿದವರ ಫೋನುಗಳೆಲ್ಲ ಗುಂಯ್‌ಗುಟ್ಟುತ್ತವೆ. ಬ್ರಾಡ್‌ಕಾಸ್ಟ್‌ನಲ್ಲಿ ಒಬ್ಬರಿಗೆ ಇನ್ನೊಬ್ಬರು ಕಾಣುವುದಿಲ್ಲ, ಅವರು ಕೊಡುವ ಉತ್ತರ ಸಂದೇಶ ಹಾಕಿದವರಿಗೆ ಮಾತ್ರ ಬರುತ್ತದೆ.

ಪಟ್ಟಿ ಮಾಡುವುದು ಆಂಡ್ರಾಯ್ಡ್ ಫೋನಿನಲ್ಲಿ ಹೀಗೆ: ವಾಟ್ಸ್‌ಆ್ಯಪ್ ತೆರೆದು, ಮೇಲಿನ ಮೂರು ಚುಕ್ಕೆ ಒತ್ತಿ, New broadcast ಆರಿಸಿ, ಹೆಸರುಗಳಿಗೆ ಗುರುತು ಹಾಕಿ. ಹೆಸರು ಹುಡುಕುವುದೇ ಇಲ್ಲಿ ದೊಡ್ಡ ಕೆಲಸ. ಪಟ್ಟಿಯಲ್ಲಿದ್ದೂ ಫೋನಿನಲ್ಲಿ ಇಲ್ಲದವರನ್ನು ಹೊಸದಾಗಿ ಉಳಿಸುವಾಗ ಹೆಸರಿನ ಮುಂದೆ `MDV` ಎಂಬಂಥ ಗುರುತು ಸೇರಿಸಿದರೆ, ಆ ಮೂರಕ್ಷರ ಹುಡುಕಿದಾಗ ಅವರೆಲ್ಲ ಒಟ್ಟಿಗೆ ಬರುತ್ತಾರೆ. ಹಳೆಯ ಪರಿಚಿತರನ್ನು ಹಾಳೆ ಪಕ್ಕಕ್ಕಿಟ್ಟುಕೊಂಡು ಒಬ್ಬೊಬ್ಬರಾಗಿ ಗುರುತಿಸಿ. ಒಬ್ಬರು ಓದುವುದು, ಇನ್ನೊಬ್ಬರು ಒತ್ತುವುದು ಎಂದಾದರೆ ಬೇಗ ಮುಗಿಯುತ್ತದೆ.

ಆಮಂತ್ರಣಕ್ಕೆ ಮೊದಲು ಪರೀಕ್ಷೆ

ಆಮಂತ್ರಣ ಕಳುಹಿಸುವ ಸುಮಾರು ಹತ್ತು ದಿನ ಮೊದಲೇ ಪ್ರತಿ ಪಟ್ಟಿಗೂ ಒಂದು ಸಾದಾ ಸಾಲು ಕಳುಹಿಸಿ: ‘ಮದುವೆಯ ಆಮಂತ್ರಣವನ್ನು ಮುಂದಿನ ವಾರ ಇದೇ ನಂಬರಿನಿಂದ ಕಳುಹಿಸುತ್ತೇವೆ. ಚಿತ್ರವೊಂದೇ ಇರುತ್ತದೆ, ಯಾವ ಆ್ಯಪನ್ನೂ ಹಾಕಿಕೊಳ್ಳಬೇಕಾಗಿಲ್ಲ.’ ಎರಡು ದಿನ ಬಿಡಿ. ಆಮೇಲೆ ಆ ಸಂದೇಶವನ್ನು ಒತ್ತಿ ಹಿಡಿದು Info ತೆರೆದರೆ ಯಾರಿಗೆ ತಲುಪಿತು, ಯಾರು ಓದಿದರು ಎಂದು ಹೆಸರು ಸಮೇತ ಕಾಣುತ್ತದೆ.

ತಂದೆಯ 160ರಲ್ಲಿ 118 ಮಂದಿಗೆ ತಲುಪಿತು, 42 ಬಾಕಿ ಎನ್ನಿ. ಈ 42 ಮಂದಿಯೆಲ್ಲ ಒಂದೇ ಬಗೆಯವರಲ್ಲ. ಕೆಲವರ ಫೋನಿನಲ್ಲಿ ತಂದೆಯ ನಂಬರ್ ಇಲ್ಲ. ಕೆಲವರ ಫೋನೇ ಆಫ್ ಆಗಿರಬಹುದು, ನಂಬರ್ ಬದಲಾಗಿರಬಹುದು, ಅಥವಾ ತೋಟದ ಮನೆಯಲ್ಲಿ ಸಿಗ್ನಲ್ ಸಿಗದೆ ಪೇಟೆಗೆ ಬಂದಾಗ ಮಾತ್ರ ಸಂದೇಶ ಇಳಿಯುತ್ತಿರಬಹುದು. ಬೇರ್ಪಡಿಸುವ ಉಪಾಯ ಸರಳ: ಅದೇ 42 ಮಂದಿಗೆ ಬ್ರಾಡ್‌ಕಾಸ್ಟ್ ಬಿಟ್ಟು ಒಬ್ಬೊಬ್ಬರ ಚಾಟ್ ತೆರೆದು ಸಂದೇಶ ಹಾಕಿ. ಎರಡು ಟಿಕ್ ಗುರುತು ಬಂದರೆ ಫೋನ್ ಸರಿಯಾಗಿದೆ, ನಿಮ್ಮ ನಂಬರ್ ಮಾತ್ರ ಅಲ್ಲಿ ಇಲ್ಲ. ಮರುದಿನವೂ ಒಂದೇ ಗುರುತಿದ್ದರೆ ತೊಂದರೆ ಫೋನಿನಲ್ಲೋ ನಂಬರಿನಲ್ಲೋ ಇದೆ, ಇಲ್ಲವೇ ಅವರು ನಿಮ್ಮನ್ನು ಬ್ಲಾಕ್ ಮಾಡಿದ್ದಾರೆ.

ನಮ್ಮ ಲೆಕ್ಕದಲ್ಲಿ 29 ಮಂದಿಗೆ ಎರಡು ಗುರುತು, 13 ಮಂದಿಗೆ ಒಂದೇ. ಆ 29 ಮಂದಿಯ ಸಾಲಿನಲ್ಲಿ ಟಿಪ್ಪಣಿ ಹಾಕಿ. ತಾಯಿಯ ಅಥವಾ ಮಗಳ ನಂಬರ್ ಅವರ ಬಳಿ ಇದ್ದರೆ ಆ ಪಟ್ಟಿಗೆ ಸರಿಸಿ. ಇಲ್ಲವಾದರೆ ಆಮಂತ್ರಣವನ್ನೂ ಒಬ್ಬೊಬ್ಬರಿಗೇ ಕಳುಹಿಸಬೇಕು. ಫಾರ್ವರ್ಡ್ ಮಾಡಿದರೆ ಒಮ್ಮೆಗೆ ಐದು ಚಾಟ್ ಮಿತಿ, ಅದರ ಮೇಲೆ ಫಾರ್ವರ್ಡ್ ಎಂಬ ಹಣೆಪಟ್ಟಿ ಬೇರೆ. ಗ್ಯಾಲರಿಯಿಂದ ಚಿತ್ರ ಆರಿಸಿ, ಪಠ್ಯ ಅಂಟಿಸಿ, ಹೊಸದಾಗಿಯೇ ಕಳುಹಿಸುವುದು ಮೇಲು. ಉಳಿದ 13 ಮಂದಿಗೆ ಫೋನ್ ಮಾಡಿ. ಫೋನ್ ಹೋಗದಿದ್ದರೆ ಅವರ ಮನೆತನದವರಲ್ಲೇ ಯಾರನ್ನಾದರೂ ವಿಚಾರಿಸಿ, ಆದರೆ ಹೊಸ ನಂಬರ್ ಸಿಕ್ಕರೆ ಅದಕ್ಕೂ ಒಪ್ಪಿಗೆ ಕೇಳಿಯೇ ಸೇರಿಸಿ.

ಕಳುಹಿಸುವ ದಿನ

ಒತ್ತುವ ಮೊದಲು ಪಟ್ಟಿಯನ್ನು ಮನೆಯ ಹಿರಿಯರೊಬ್ಬರ ಮುಂದೆ ಒಮ್ಮೆ ಓದಿ. ಯಾವ ಮನೆಯಲ್ಲಿ ಸಾವಾಗಿದೆ, ಯಾರು ಆಸ್ಪತ್ರೆಯಲ್ಲಿದ್ದಾರೆ ಎಂಬುದು ಹಾಳೆಗೆ ಗೊತ್ತಿರುವುದಿಲ್ಲ. ಸೂತಕದ ಮನೆಗೆ ವಾಲಗದ ಸದ್ದಿನ ವಿಡಿಯೊ ಹೋದರೆ ಅದನ್ನು ಹಿಂದಕ್ಕೆ ಪಡೆಯಲಾಗದು. ಅಂಥವರನ್ನು ಪಟ್ಟಿಯಿಂದ ತೆಗೆದು, ಮಾತನಾಡಿಸುವ ಕೆಲಸವನ್ನು ಹಿರಿಯರಿಗೇ ಬಿಡಿ.

ವಿಡಿಯೊ ಆಮಂತ್ರಣದ ಆಸೆ ಇದ್ದರೂ ಮೊದಲು ಹೋಗಬೇಕಾದದ್ದು ಒಂದೇ ಚಿತ್ರ, ಒಂದು ಎಂಬಿಗಿಂತ ಚಿಕ್ಕದು. ದಕ್ಷಿಣ ಕೊಡಗಿನ ತೋಟದೊಳಗೆ ದೊಡ್ಡ ವಿಡಿಯೊ ಇಳಿಯುವಷ್ಟರಲ್ಲಿ ಮದುವೆಯೇ ಮುಗಿದಿರುತ್ತದೆ. ಚಿತ್ರದ ಕೆಳಗೆ ದಿನಾಂಕ, ವಾರ, ಮುಹೂರ್ತ, ಮಂಟಪದ ಹೆಸರನ್ನು ಅಕ್ಷರದಲ್ಲೂ ಬರೆಯಿರಿ, ಚಿತ್ರ ತೆರೆಯದಿದ್ದರೂ ವಿಷಯ ತಿಳಿಯುತ್ತದೆ. ಹಿಂದಿನ ದಿನದ ಊರ್‌ಕೂಡುವ ಕಾರ್ಯಕ್ಕೆ ಎಲ್ಲರನ್ನೂ ಕರೆಯದಿದ್ದರೆ ಅದಕ್ಕೆ ಬೇರೆಯದೇ ಸಣ್ಣ ಪಟ್ಟಿ ಇರಲಿ. ಒಂದೇ ಸಂದೇಶದಲ್ಲಿ ಸೇರಿಸಿದರೆ ಅಡುಗೆಯವರ ಲೆಕ್ಕ ತಪ್ಪುತ್ತದೆ.

ಪರೀಕ್ಷೆಯ ಸಾಲು ಬಿಟ್ಟರೆ ಮದುವೆಗೆ ಮೊದಲು ಎರಡೇ ಸಂದೇಶ ಸಾಕು: ಆಮಂತ್ರಣ, ಮತ್ತು ಎರಡು ದಿನ ಮೊದಲು ದಾರಿಯ ನಕ್ಷೆಯೊಂದಿಗೆ ನೆನಪು. ಅರಿಶಿನ, ಅಲಂಕಾರದ ಚಿತ್ರಗಳನ್ನು ಪಟ್ಟಿಗೆ ಹಾಕಬೇಡಿ. ಅವರು ಒಪ್ಪಿದ್ದು ಮದುವೆಯ ವಿವರಕ್ಕೆ ಮಾತ್ರ.

ಕೀಪ್ಯಾಡ್ ಫೋನಿನವರಿಗೆ ಎಸ್‌ಎಂಎಸ್ ಹಾಕುವುದಾದರೆ ಅಳತೆ ನೆನಪಿರಲಿ. ಇಂಗ್ಲಿಷ್‌ನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70 ಮಾತ್ರ. ಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ: ‘ಮುಹೂರ್ತ’ ಕಣ್ಣಿಗೆ ಮೂರಕ್ಷರ, ಫೋನಿನ ಲೆಕ್ಕಕ್ಕೆ ಏಳು. ಹಳೆಯ ಕೆಲವು ಫೋನುಗಳಲ್ಲಿ ಕನ್ನಡದ ಬದಲು ಬರೀ ಚೌಕಗಳು ಕಾಣುತ್ತವೆ. ಆ 30 ಮಂದಿಗೆ ಫೋನ್ ಮಾಡುವುದೇ ಚೆನ್ನ.

ಮದುವೆ ಮುಗಿದ ಮೇಲೆ

ಹಾಳೆಯನ್ನು ಮೊದಲಿನಿಂದಲೂ Restricted ಎಂದೇ ಇಟ್ಟು ಮನೆಯ ಇಬ್ಬರು, ಮೂವರಿಗೆ ಮಾತ್ರ ಹಂಚಿರಬೇಕು, Anyone with the link ಎಂದು ತೆರೆದಿಡಬಾರದು. ಮದುವೆಯ ನಂತರ ಧನ್ಯವಾದದ ಸಾಲೊಂದು ಹೋದ ಮೇಲೆ ಬ್ರಾಡ್‌ಕಾಸ್ಟ್ ಪಟ್ಟಿಗಳನ್ನು ಅಳಿಸಿ. `MDV` ಗುರುತಿನ ಹೊಸ ಹೆಸರುಗಳಲ್ಲಿ ಬೇಕಾದವರ ಗುರುತು ತೆಗೆದು ಉಳಿಸಿಕೊಂಡು, ಉಳಿದವನ್ನು ಅಳಿಸಿ. ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ ಮದುವೆಗೆಂದು ಲೇಬಲ್ ಮಾಡಿದ್ದರೆ ಅಳಿಸುವಾಗ ಅದು ಎರಡು ಆಯ್ಕೆ ಕೇಳುತ್ತದೆ: ಲೇಬಲ್ ಮಾತ್ರ ತೆಗೆಯುವುದು, ಅಥವಾ ಅದರೊಳಗಿನ ಹೆಸರುಗಳನ್ನೂ ಅಳಿಸುವುದು. ಹಳೆಯ ಪರಿಚಿತರೂ ಆ ಲೇಬಲಿನೊಳಗೆ ಸೇರಿಕೊಂಡಿದ್ದರೆ ಎರಡನೆಯದರಲ್ಲಿ ಅವರ ನಂಬರೂ ಹೋಗುತ್ತದೆ. ಹೋದರೆ ಗಾಬರಿಯಾಗದೆ Trash ತೆರೆಯಿರಿ, 30 ದಿನದವರೆಗೆ ಅಲ್ಲಿಂದ ಮರಳಿ ತರಬಹುದು.